ಎರಡು ಸಾವಿರ ಅಕ್ಷರದೊಳಗೆ ಯೋಜನೆಯ ವಿವರಣೆ: ನನ್ನ ಅನುಭವ

ಪಾವಗಡ ತಾಲ್ಲೂಕಿನ ಆರು ಸರ್ಕಾರಿ ಶಾಲೆಗಳಲ್ಲಿ ಮಳೆನೀರು ಹಿಡಿಯುವ ಯೋಜನೆಗೆ ನಾವು ಅನುದಾನ ಕೇಳಿದ್ದೆವು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಬಳಿ ಇದ್ದ ವಿವರಣೆ ನಾಲ್ಕು ಪುಟ. ಆನ್‌ಲೈನ್ ಅರ್ಜಿಯ ಆ ಪೆಟ್ಟಿಗೆ ಹಿಡಿಸುತ್ತಿದ್ದದ್ದು ಖಾಲಿ ಜಾಗವೂ ಸೇರಿ 2,000 ಅಕ್ಷರ. ಅರ್ಜಿಯನ್ನು ಕನ್ನಡದಲ್ಲೇ ತುಂಬಬಹುದಿತ್ತು.

ಇಂಥ ಕೆಲಸಕ್ಕೆ ಕೂತಾಗ ನಾನು ವಾಕ್ಯಕ್ಕೆ ಕೈ ಹಾಕುವುದು ಕೊನೆಗೆ. ಮೊದಲು ಅರ್ಜಿಯ ಎಲ್ಲಾ ಪ್ರಶ್ನೆಗಳನ್ನೂ ಒಂದು ಫೈಲಿಗೆ ಇಳಿಸಿಕೊಳ್ಳುತ್ತೇನೆ. ಈ ಅರ್ಜಿಯಲ್ಲಿ ಸಂಸ್ಥೆಯ ಪರಿಚಯ, ಬಜೆಟ್, ವೇಳಾಪಟ್ಟಿ, ನಿರೀಕ್ಷಿತ ಫಲಿತಾಂಶ ಎಲ್ಲಕ್ಕೂ ಬೇರೆ ಬೇರೆ ಪೆಟ್ಟಿಗೆ ಇತ್ತು. ಅಂದಮೇಲೆ ಅದೆಲ್ಲ ವಿವರಣೆಯಲ್ಲಿ ಯಾಕೆ? ತೆಗೆದು ಆಯಾ ಪೆಟ್ಟಿಗೆಗೆ ಕಳಿಸಿದೆ. ಅಷ್ಟಕ್ಕೇ ನಾಲ್ಕು ಪುಟ ಎರಡಾಯಿತು.

ಮುಂದಿನ ದೊಡ್ಡ ತುಂಡು ಹಿನ್ನೆಲೆ. ದೇಶದಲ್ಲಿ ಫ್ಲೋರೈಡ್ ಸಮಸ್ಯೆ, ರಾಜ್ಯದಲ್ಲಿ ಅಂತರ್ಜಲದ ಸ್ಥಿತಿ, ಹೀಗೆ ಇಡೀ ಮುಕ್ಕಾಲು ಪುಟ. ಓದುವವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದ್ದು ನಮ್ಮ ಆರು ಶಾಲೆಗಳ ಸ್ಥಿತಿ. ಹಾಗಾಗಿ ಅಷ್ಟನ್ನೂ ತೆಗೆದು ಎರಡೇ ಸಂಗತಿ ಇಟ್ಟೆ: ಶಾಲೆಗಳ ನೀರಿನ ಪರೀಕ್ಷಾ ವರದಿಯಲ್ಲಿದ್ದ ಅತಿ ಕಡಿಮೆ ಮತ್ತು ಅತಿ ಜಾಸ್ತಿ ಅಂಕಿ, ಪಕ್ಕದಲ್ಲಿ ಕುಡಿಯುವ ನೀರಿನ ಫ್ಲೋರೈಡಿಗೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಹಾಕಿರುವ ಮಿತಿ. ಆ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5. ಒಂದೇ ವಾಕ್ಯದಲ್ಲಿ ತೊಂದರೆ ಕಣ್ಣಿಗೆ ಕಟ್ಟುತ್ತದೆ.

ಇದಾದ ಮೇಲೆ ವಾಕ್ಯಗಳ ಸರದಿ. ನಮ್ಮ ಮೊದಲ ವಾಕ್ಯ ಹೀಗಿತ್ತು:

"ಸದರಿ ಯೋಜನೆಯ ಅಡಿಯಲ್ಲಿ ಪಾವಗಡ ತಾಲ್ಲೂಕಿನ ಆಯ್ದ ಆರು ಸರ್ಕಾರಿ ಶಾಲೆಗಳಲ್ಲಿ ಮಳೆನೀರು ಸಂಗ್ರಹಣಾ ವ್ಯವಸ್ಥೆಯನ್ನು ಅಳವಡಿಸುವ ಮೂಲಕ ವಿದ್ಯಾರ್ಥಿಗಳಿಗೆ ಶುದ್ಧ ಕುಡಿಯುವ ನೀರನ್ನು ಒದಗಿಸುವ ಕಾರ್ಯವನ್ನು ಕೈಗೊಳ್ಳಲಾಗುವುದು."

ಇದು 183 ಅಕ್ಷರ. ಬದಲಾಯಿಸಿದ್ದು ಹೀಗೆ:

"ಪಾವಗಡ ತಾಲ್ಲೂಕಿನ ಆರು ಸರ್ಕಾರಿ ಶಾಲೆಗಳ ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು, ಮಕ್ಕಳಿಗೆ ಕುಡಿಯಲು ಕೊಡುತ್ತೇವೆ."

ಇದು 101. ಚಿಕ್ಕದಾದ್ದರಲ್ಲೇ ವಿಷಯ ಜಾಸ್ತಿ ಇದೆ ನೋಡಿ. ಚಾವಣಿ, ತೊಟ್ಟಿ ಎರಡೂ ಮೊದಲಿನದರಲ್ಲಿ ಇರಲೇ ಇಲ್ಲ. "ಕೈಗೊಳ್ಳಲಾಗುವುದು" ಅಂದಾಗ ಯಾರು ಮಾಡುತ್ತಾರೆ ಅನ್ನುವುದೂ ತಿಳಿಯುತ್ತಿರಲಿಲ್ಲ. "ಅಡಿಯಲ್ಲಿ", "ಮೂಲಕ", "ಕಾರ್ಯವನ್ನು", "ವ್ಯವಸ್ಥೆಯನ್ನು" ಅನ್ನುವ ಕಚೇರಿ ಮಾತುಗಳನ್ನು ಹುಡುಕಿ ಹುಡುಕಿ ತೆಗೆದರೆ ಸಾಕು, ಕನ್ನಡದ ಅರ್ಜಿ ತಾನಾಗಿಯೇ ಇಳಿಯುತ್ತದೆ.

ಇಲ್ಲಿ ಎಣಿಕೆಯ ಲೆಕ್ಕವೂ ತಿಳಿದಿರಬೇಕು. ಕಂಪ್ಯೂಟರ್ ಒತ್ತು, ಗುಣಿತದ ಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು. "ವಿದ್ಯಾರ್ಥಿಗಳಿಗೆ" ಅಂದರೆ 15, "ಮಕ್ಕಳಿಗೆ" ಅಂದರೆ 8. ಒತ್ತಕ್ಷರ ಕಡಿಮೆ ಇರುವ ಸಾದಾ ಮಾತು ಇಲ್ಲಿ ನಿಜವಾಗಿಯೂ ಜಾಗ ಉಳಿಸುತ್ತದೆ.

ಇಷ್ಟಾದರೂ ಇನ್ನೂ ಜಾಸ್ತಿಯೇ ಇತ್ತು. ಜೊತೆಯಲ್ಲಿದ್ದ ಗೆಳತಿ, "ತೊಟ್ಟಿ ತೊಳೆಯೋದು, ಪೈಪಿನ ವಿಷಯ ಬಿಟ್ಟುಬಿಡೋಣ, ಸಣ್ಣ ವಿವರ ಅಲ್ವಾ?" ಅಂದರು. ನಾನು ಒಪ್ಪಲಿಲ್ಲ. ಮಳೆನೀರಿನ ಯೋಜನೆ ಓದುವವರು ಮೊದಲು ಹುಡುಕುವುದೇ ಅದನ್ನು. ಚಾವಣಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ ಮಳೆ ನೀರನ್ನು ಹೊರಗೆ ಬಿಡುವ ಪೈಪು ಇದೆಯೇ? ನಾವು ಹೋದ ಮೇಲೆ ತೊಟ್ಟಿ ತೊಳೆಸುವವರು ಯಾರು? ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮಳೆಗಾಲಕ್ಕೆ ಮುಂಚೆ ತೊಳೆಸುತ್ತದೆ ಅನ್ನುವ ವಾಕ್ಯ ಹಾಗೇ ಉಳಿಯಿತು. ಬದಲಿಗೆ ಹೋದದ್ದು ಉದ್ದೇಶಗಳ ಪಟ್ಟಿ. ಅದರಲ್ಲಿದ್ದ ಐದು ಸಾಲೂ ಚಟುವಟಿಕೆಗಳಲ್ಲಿ ಆಗಲೇ ಹೇಳಿದ್ದೇ.

ಅಲ್ಪವಿರಾಮದ ಮುಂದಿನ ಜಾಗ ತೆಗೆಯುವುದು, ಯಾರಿಗೂ ಗೊತ್ತಿಲ್ಲದ ಸಂಕ್ಷೇಪ ಹಾಕುವುದು ಬೇಡ. ಉಳಿಯುವುದು ಇಪ್ಪತ್ತೋ ಮೂವತ್ತೋ ಅಕ್ಷರ, ಓದುವವರಿಗೆ ಮಾತ್ರ ಸುಮ್ನೆ ಕಷ್ಟ.

ಪೆಟ್ಟಿಗೆಗೆ ಹಾಕುವಾಗ ಎರಡು ಎಚ್ಚರ ಬೇಕು. ಕೆಲವು ಅರ್ಜಿಗಳಲ್ಲಿ ಮಿತಿ ಮೀರಿದ್ದನ್ನು ಅಂಟಿಸಿದರೆ ಏನೂ ಹೇಳದೆ ಬಾಲ ಕತ್ತರಿಸಿಬಿಡುತ್ತದೆ, ಕೊನೆಯ ವಾಕ್ಯ ಅರ್ಧಕ್ಕೇ ನಿಂತಿರುತ್ತದೆ. ಎರಡನೆಯದು ಹೊಸ ಸಾಲು. ಎಂಟರ್ ಒತ್ತಿದ್ದನ್ನು ಪರದೆಯ ಎಣಿಕೆ ಒಂದು ಅಂತ ತೋರಿಸಿದರೂ ಸರ್ವರ್ ಎರಡಾಗಿ ಎಣಿಸಬಹುದು. ಪರದೆಯಲ್ಲಿ ಸರಿಯಾಗಿ 2,000 ಇದ್ದದ್ದು ಕಳಿಸುವಾಗ ತಿರಸ್ಕಾರವಾಗುವುದು ಹೀಗೆ. ಅದಕ್ಕೇ ನಾನು ಮೂರೇ ಪ್ಯಾರಾ ಮಾಡಿ, 1,960ರ ಆಸುಪಾಸಿಗೆ ನಿಲ್ಲಿಸಿದೆ. ಉಳಿಸಿ, ಪುಟ ಮುಚ್ಚಿ, ಮತ್ತೆ ತೆರೆದು, ಎಸ್‌ಡಿಎಂಸಿಯ ಆ ಕೊನೆಯ ವಾಕ್ಯ ಪೂರ್ತಿ ಇದೆ ಅಂತ ಖಾತ್ರಿಯಾದ ಮೇಲೆಯೇ ಸಲ್ಲಿಸುವ ಗುಂಡಿ ಒತ್ತಿದ್ದು.