ಟೂರ್ಬಿಯೋನ್ ಕೈಗಡಿಯಾರವನ್ನು ನಿಖರಗೊಳಿಸುತ್ತದೆಯೇ? ಲೆಕ್ಕ ಹಾಕಿ ನೋಡುವುದು ಹೇಗೆ

ಕೀಲಿ ಕೊಡುವ ಗಡಿಯಾರದಲ್ಲಿ ಕಾಲವನ್ನು ಅಳೆಯುವುದು ಹಿಂದೆ ಮುಂದೆ ತೂಗಾಡುವ ಬ್ಯಾಲೆನ್ಸ್ ಚಕ್ರ. ಅದರ ಅಂಚಿನ ಒಂದು ಕಡೆ ಕೂದಲೆಳೆಯಷ್ಟು ಭಾರ ಹೆಚ್ಚಿದ್ದರೂ ಗಡಿಯಾರವನ್ನು ನೆಟ್ಟಗೆ ಹಿಡಿದಾಗ ಗುರುತ್ವವು ಆ ಭಾರವನ್ನು ಎಳೆಯುತ್ತದೆ. ಒಂದು ಭಂಗಿಯಲ್ಲಿ ಗಡಿಯಾರ ಮುಂದೆ ಓಡಿದರೆ ಅದನ್ನು ತಲೆಕೆಳಗು ಮಾಡಿದಾಗ ಹಿಂದೆ ಬೀಳುತ್ತದೆ. ಜೇಬಿನಲ್ಲಿ ದಿನವಿಡೀ ಒಂದೇ ಭಂಗಿಯಲ್ಲಿ ನಿಂತಿರುವ ಗಡಿಯಾರಕ್ಕೆ ಇದು ದೊಡ್ಡ ತೊಂದರೆಯಾಗಿತ್ತು. ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಟೂರ್ಬಿಯೋನ್, ಬ್ಯಾಲೆನ್ಸ್ ಚಕ್ರ, ಅದರ ಸ್ಪ್ರಿಂಗ್ ಮತ್ತು ಚಕ್ರಕ್ಕೆ ಶಕ್ತಿಯನ್ನು ತುಸುತುಸುವಾಗಿ ಉಣಿಸುವ ಎಸ್ಕೇಪ್‌ಮೆಂಟನ್ನು ಒಂದು ಪುಟ್ಟ ಪಂಜರದಲ್ಲಿ ಕೂರಿಸಿ, ಆ ಪಂಜರವನ್ನೇ ಸಾಮಾನ್ಯವಾಗಿ ನಿಮಿಷಕ್ಕೊಂದು ಸುತ್ತು ತಿರುಗಿಸುತ್ತದೆ. ಭಾರದ ಬಿಂದು ಎಲ್ಲ ದಿಕ್ಕುಗಳಿಗೂ ಹೋಗಿ ಬರುವುದರಿಂದ ತಪ್ಪು ಅಳಿಯುವುದಿಲ್ಲ, ಸರಾಸರಿಯಾಗುತ್ತದೆ.

ಮೊದಲ ಹೆಜ್ಜೆ ಅಳತೆ. ಗಡಿಯಾರದ ಟಿಕ್‌ಟಿಕ್ ಸದ್ದನ್ನು ಆಲಿಸುವ ಟೈಮ್‌ಗ್ರಾಫರ್ ಮೇಲೆ ಅದನ್ನು ನಾಲ್ಕು ನಿಂತ ಭಂಗಿಗಳಲ್ಲಿಯೂ ಡಯಲ್ ಮೇಲಾಗಿ ಮಲಗಿಸಿದ ಭಂಗಿಯಲ್ಲಿಯೂ ಇಡಬೇಕು. ಟೂರ್ಬಿಯೋನ್ ಇದ್ದರೆ ಪಂಜರ ಪೂರ್ತಿ ಒಂದು ಸುತ್ತು ಮುಗಿಸುವವರೆಗಾದರೂ ಕಾಯಬೇಕು. ಪಂಜರ ತಿರುಗಿದಂತೆ ಪರದೆಯ ಗೆರೆ ಅಲೆಯಂತೆ ಏರಿಳಿಯುವುದರಿಂದ ಹತ್ತು ಸೆಕೆಂಡಿನ ಅಳತೆ ಏರಿನಲ್ಲಿ ಸಿಕ್ಕಿತೋ ಇಳಿತದಲ್ಲಿ ಸಿಕ್ಕಿತೋ ತಿಳಿಯದು.

ಎರಡನೆಯದು ಲೆಕ್ಕ. ಸಾಮಾನ್ಯ ಗಡಿಯಾರವೊಂದು ದಿನಕ್ಕೆ, ಕೀಲಿ ಕೊಡುವ ಗುಬ್ಬಿಯಾದ ಕಿರೀಟ ಮೇಲಿದ್ದಾಗ +9, ಕೆಳಗಿದ್ದಾಗ −5, ಎಡಕ್ಕೆ −1, ಬಲಕ್ಕೆ +5, ಮಲಗಿದ್ದಾಗ +6 ಸೆಕೆಂಡು ತೋರಿಸಿತೆನ್ನಿ. ಇದೇ ಯಂತ್ರ ಟೂರ್ಬಿಯೋನ್‌ನಲ್ಲಿದ್ದರೆ ನಿಂತ ನಾಲ್ಕೂ ಭಂಗಿಗಳು ಸರಾಸರಿಯಾದ +2ಕ್ಕೆ ಬರುತ್ತವೆ. ಮಲಗಿದ ಭಂಗಿಯ +6 ಮಾತ್ರ ಹಾಗೆಯೇ ಉಳಿಯುತ್ತದೆ, ಏಕೆಂದರೆ ಆಗ ಪಂಜರ ಮಲಗಿದ ಸಮತಲದಲ್ಲೇ ಸುತ್ತುತ್ತದೆ, ಭಾರದ ಬಿಂದುವಿಗೆ ಮೇಲು ಕೆಳಗೆಂಬುದೇ ಇಲ್ಲ.

ಈಗ ಮಣಿಕಟ್ಟಿಗೆ ಬರೋಣ. ಎಡಗೈ ಜೋಲುಬಿಟ್ಟಾಗ ಕಿರೀಟ ಕೆಳಮುಖವಾಗುತ್ತದೆ. ದಿನಕ್ಕೆ 6 ಗಂಟೆ ಹೀಗೆ, ಉಳಿದ 18 ಗಂಟೆ ಮೇಜಿನ ಮೇಲೋ ಹಾಸಿಗೆಯ ಬದಿಯಲ್ಲೋ ಮಲಗಿದ್ದರೆ ಸಾಮಾನ್ಯ ಗಡಿಯಾರ ಸುಮಾರು 3.3 ಸೆಕೆಂಡು ಮುಂದಿರುತ್ತದೆ. ಟೂರ್ಬಿಯೋನ್ 5 ಸೆಕೆಂಡು! ತಪ್ಪುಗಳು ತಾವಾಗಿಯೇ ಒಂದನ್ನೊಂದು ಕಳೆದುಕೊಂಡ ಅದೃಷ್ಟವಷ್ಟೇ ಇದು, ವೇಗ ಹೊಂದಿಸುವ ರೆಗ್ಯುಲೇಟರ್ ತಿರುಗಿಸಿ ಎರಡನ್ನೂ ಸೊನ್ನೆಗೆ ತರಬಹುದು. ನಿಜವಾದ ವ್ಯತ್ಯಾಸ ಕಾಣುವುದು ದಿನಚರಿ ಬದಲಾದಾಗ. ಕೈ ಇನ್ನೂ 4 ಗಂಟೆ ಹೆಚ್ಚಾಗಿ ಜೋತಿದ್ದ ದಿನ ಸಾಮಾನ್ಯ ಗಡಿಯಾರ ಸುಮಾರು 1.8 ಸೆಕೆಂಡು ಸರಿಯುತ್ತದೆ, ಟೂರ್ಬಿಯೋನ್ 0.7. ಲಾಭ ಒಂದು ಸೆಕೆಂಡಿನ ಆಸುಪಾಸು, ಅದೂ ಭಂಗಿಗಳ ನಡುವೆ 14 ಸೆಕೆಂಡಿನ ಅಂತರವಿರುವ ಸಾಧಾರಣ ಗಡಿಯಾರಕ್ಕೆ ಹೋಲಿಸಿದಾಗ.

ಅನುಭವಿ ಕುಶಲಕರ್ಮಿಯು ಬ್ಯಾಲೆನ್ಸ್ ಚಕ್ರದ ಭಾರವಾದ ಕಡೆಯಿಂದ ಚೂರು ಲೋಹ ಕೆರೆದು ಆ ಅಂತರವನ್ನು ಐದಾರು ಸೆಕೆಂಡಿಗೆ ಇಳಿಸಿದರೆ ಈ ಲಾಭದ ಬಹುಪಾಲು ಪಂಜರವಿಲ್ಲದೆಯೇ ದಕ್ಕುತ್ತದೆ. ಪಂಜರವನ್ನು ತಿರುಗಿಸಲು ತಗಲುವ ಶಕ್ತಿಯೂ ಮುಖ್ಯ ಸ್ಪ್ರಿಂಗ್‌ನಿಂದಲೇ ಬರಬೇಕು. ಪಂಜರ ಭಾರವಾದಷ್ಟೂ ಬ್ಯಾಲೆನ್ಸ್‌ಗೆ ಸಿಗುವ ಪಾಲು ಕಡಿಮೆಯಾಗಿ ಅದರ ತೂಗಾಟದ ವಿಸ್ತಾರ ಕುಗ್ಗುತ್ತದೆ. ಟೈಮ್‌ಗ್ರಾಫರ್‌ನ ಆಂಪ್ಲಿಟ್ಯೂಡ್ ಅಂಕಿಯಲ್ಲಿ ಇದು ಕಾಣಸಿಗುತ್ತದೆ.