‘ಹಾಯ್’ ನಿಲ್ಲದೇ ಇದ್ದಾಗ: ಅಪರಿಚಿತರಿಗೆ ಮೆತ್ತಗೆ ಗೆರೆ ಎಳೆಯುವುದು ಹೇಗೆ?

ಗೆಳತಿಯೊಬ್ಬಳು ಹಳೇ ಮೇಜು ಮಾರಲು ತನ್ನ ನಂಬರ್ ಕೊಟ್ಟಿದ್ದಳು. ಕೊಂಡವರು ದುಡ್ಡು ಕೊಟ್ಟು ಮೇಜು ಒಯ್ದರು. ಮರುದಿನ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ‘ಶುಭೋದಯ ಮೇಡಂ’ ಅಂತ ಬಂತು. ಸುಮ್ನೆ ಒಂದು ಕೈಮುಗಿಯುವ ಇಮೋಜಿ ಹಾಕಿದಳು. ನಾಲ್ಕನೇ ದಿನ ‘ಊಟ ಆಯ್ತಾ?’, ಹತ್ತನೇ ದಿನ ‘ಆನ್‌ಲೈನ್ ಇದ್ರೂ ಯಾಕೆ ರಿಪ್ಲೈ ಮಾಡಲ್ಲ ನೀನು?’

ಮೊದಲು ನೋಡಬೇಕಾದದ್ದು ಆ ‘ನೀನು’. ಬಹುವಚನ ನಾವು ಕೇಳದೆಯೇ ಏಕವಚನವಾಯಿತಾ? ಶುಭಾಶಯ ಹೋಗಿ ಪ್ರಶ್ನೆ ಬಂತಾ? ಉತ್ತರ ಕೊಡದಿದ್ದರೆ ಲೆಕ್ಕ ಕೇಳುತ್ತಾರಾ? ಮೂರನೆಯದು ಬಂದ ದಿನವೇ ಮಾತಾಡಬೇಕು. ಅಲ್ಲಿಯವರೆಗೆ ಅದು ಬರೀ ಅಭ್ಯಾಸ ಇರಬಹುದು, ತುಂಬಾ ಜನ ಎಲ್ಲರಿಗೂ ಹೂವಿನ ಚಿತ್ರ ಕಳಿಸುತ್ತಾರೆ.

ಎರಡನೆಯದು, ಒಂದೇ ಸಲ, ಒಂದೆರಡು ವಾಕ್ಯದಲ್ಲಿ ಹೇಳುವುದು. ಗೆಳತಿ ಮೊದಲು ಬರೆದದ್ದು ‘ಸಾರಿ, ಈ ವಾರ ಸ್ವಲ್ಪ ಬ್ಯುಸಿ’ ಅಂತ. ತಪ್ಪಾದದ್ದು ಇಲ್ಲೇ. ಬ್ಯುಸಿ ಅಂದರೆ ಮುಂದಿನ ವಾರ ಬಾ ಅಂದ ಹಾಗೆ, ಅವರೂ ಸೋಮವಾರವೇ ‘ಫ್ರೀ ಆದ್ರಾ?’ ಅಂತ ಬಂದರು. ಕಾರಣ ಕೊಟ್ಟರೆ ಆ ಕಾರಣಕ್ಕೆ ಪರಿಹಾರ ಹುಡುಕುತ್ತಾರೆ. ಆಮೇಲೆ ಇಬ್ಬರೂ ಕೂತು ಇಷ್ಟು ಬರೆದೆವು: ‘ನಮಸ್ಕಾರ. ಮೇಜಿನ ವಿಷಯ ಮುಗಿದಿದೆ. ಬೇರೆ ಮೆಸೇಜ್ ನನಗೆ ಬೇಡ, ದಯವಿಟ್ಟು ಕಳಿಸಬೇಡಿ.’ ಸಾರಿ ಇಲ್ಲ, ನಗುವ ಇಮೋಜಿ ಇಲ್ಲ, ಬೈಗುಳವೂ ಇಲ್ಲ. ‘ಬೇಡಿ’ ಅನ್ನುವ ಬಹುವಚನದಲ್ಲೇ ಸಾಕಷ್ಟು ಮರ್ಯಾದೆ ಇದೆ.

ಮೂರನೇ ಹೆಜ್ಜೆಯೇ ಕಷ್ಟ: ಆಮೇಲೆ ಪೂರ್ತಿ ಸುಮ್ಮನಿರುವುದು. ಸುಮ್ಮನಾದ ಕೂಡಲೇ ಮೆಸೇಜ್ ಕಡಿಮೆಯಾಗಲೇಬೇಕು ಅಂತಿಲ್ಲ, ಎಷ್ಟೋ ಸಲ ಮೊದಲು ಜಾಸ್ತಿಯಾಗುತ್ತದೆ. ಯಾವಾಗಲೂ ಸಿಗುತ್ತಿದ್ದ ಪ್ರತಿಕ್ರಿಯೆ ದಿಢೀರ್ ನಿಂತಾಗ ಮನುಷ್ಯ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತಾನೆ, ಲಿಫ್ಟ್ ಬರದಿದ್ದರೆ ನಾವು ಬಟನ್ ಮತ್ತೆ ಮತ್ತೆ ಒತ್ತುತ್ತೇವಲ್ಲ, ಹಾಗೆ. ಗೆಳತಿಗೆ ಎರಡೇ ದಿನದಲ್ಲಿ ಒಂಬತ್ತು ಮೆಸೇಜ್ ಬಂದವು. ‘ನಾನೇನು ತಪ್ಪು ಮಾಡಿದೆ?’, ‘ಜಂಬ ಜಾಸ್ತಿ ನಿಂಗೆ’, ಕೊನೆಗೆ ‘ಕ್ಷಮಿಸಿ ಮೇಡಂ, ಒಂದೇ ಒಂದು ಸಲ ಮಾತಾಡಿ’. ಒಂಬತ್ತನೆಯದಕ್ಕೆ ಕರಗಿ ಉತ್ತರ ಕೊಟ್ಟಿದ್ದರೆ, ಒಂಬತ್ತು ಸಲ ಕಳಿಸಿದರೆ ಉತ್ತರ ಸಿಗುತ್ತದೆ ಅನ್ನುವುದೇ ಅವರಿಗೆ ಪಾಠವಾಗುತ್ತಿತ್ತು. ‘ದಯವಿಟ್ಟು ಬಿಡಿ’ ಅನ್ನುವುದೂ ಉತ್ತರವೇ, ಬೈಯುವುದೂ ಉತ್ತರವೇ.

ಆ ಎರಡು ದಿನ ಕೈ ತಡೆಯುವುದಿಲ್ಲ ಅನ್ನಿಸಿದರೆ ಫೋನ್ ಸಹಾಯ ಮಾಡುತ್ತದೆ. ಇನ್‌ಸ್ಟಾಗ್ರಾಂನಲ್ಲಿ Restrict ಇದೆ. ಅದನ್ನು ಹಾಕಿದರೆ ಅವರ ಮೆಸೇಜ್ ರಿಕ್ವೆಸ್ಟ್ ಪೆಟ್ಟಿಗೆಗೆ ಹೋಗುತ್ತದೆ, ನೀವು ಓದಿದಿರಾ, ಆನ್‌ಲೈನ್ ಇದ್ದೀರಾ ಅನ್ನುವುದು ಅವರಿಗೆ ಕಾಣುವುದಿಲ್ಲ. ಹೀಗೆ ಮಾಡಿದ್ದೀರಿ ಅಂತ ಅವರಿಗೆ ತಿಳಿಸುವುದೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ Block ಮಾಡಬಹುದು, ಅವರ ಮೆಸೇಜಿಗೆ ಒಂದೇ ಟಿಕ್ ಬೀಳುತ್ತದೆ. ಆದರೆ ಅದಕ್ಕೂ ಮೊದಲು ನಂಬರ್, ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ‘ಕಳಿಸಬೇಡಿ’ ಅಂದದ್ದು, ಆಮೇಲೂ ಅವರು ಕಳಿಸಿದ್ದು, ಎರಡೂ ಅದರಲ್ಲಿರಬೇಕು. ಮುಂದೆ ದೂರು ಕೊಡುವಂತಾದರೆ ಅದೇ ಕೆಲಸಕ್ಕೆ ಬರುತ್ತದೆ.

ಎದುರಿಗೇ ಸಿಗುವವರ ವಿಷಯಕ್ಕೂ ಇದೇ ಕ್ರಮ, ಆದರೆ ಅಲ್ಲಿ ನಾಲಿಗೆಗಿಂತ ಕಾಲು ಮುಖ್ಯ. ವಾಕಿಂಗ್‌ನಲ್ಲಿ ದಿನಾ ನಮಸ್ಕಾರ ಹೇಳುವವರು ಒಂದು ದಿನ ಜೊತೆಗೇ ನಡೆಯಲು ಶುರು ಮಾಡಿ, ಮನೆ ಎಲ್ಲಿ, ಒಬ್ಬರೇನಾ ಅಂತ ಕೇಳುತ್ತಾರೆ ಅಂದುಕೊಳ್ಳಿ. ನಡಿಗೆ ನಿಧಾನ ಮಾಡದೆ ‘ನಮಸ್ಕಾರ. ನಾನು ಒಬ್ಬಳೇ ನಡೀತೀನಿ, ನೀವು ಹೋಗಿ’ ಅನ್ನಿ, ಮುಂದೆ ಹೋಗಿ. ನಿಂತು ಹೇಳಿದರೆ ಮಾತು ಬೆಳೆಯುತ್ತದೆ. ಮರುದಿನ ಮತ್ತೆ ಬಂದರೆ ಅದೇ ಮಾತು ಅದೇ ದನಿಯಲ್ಲಿ, ‘ಹೋಗಿ’ ಮಾತ್ರ ಮೊದಲು.

ಆದರೆ ಈ ನೇರ ಮಾತು ಎಲ್ಲ ಕಡೆಗೂ ಅಲ್ಲ. ಸುತ್ತ ಯಾರೂ ಇಲ್ಲದ ಜಾಗ, ಕತ್ತಲು, ಅಥವಾ ಆ ಮನುಷ್ಯ ದಾರಿಗೆ ಅಡ್ಡ ನಿಂತಿದ್ದಾನೆ ಅಂದರೆ ಗೆರೆ ಎಳೆಯಲು ಹೋಗಬೇಡಿ. ಅಲ್ಲಿ ನಗಬಹುದು, ಸುಳ್ಳೂ ಹೇಳಬಹುದು, ‘ಅಣ್ಣ ಬರ್ತಾ ಇದ್ದಾನೆ’ ಅನ್ನಬಹುದು, ಜನ ಇರುವ ಕಡೆಗೆ ನಡೆದುಬಿಡಬೇಕು. ಹಿಂಬಾಲಿಸಿದರೆ ಮನೆಗೆ ಹೋಗದೆ ಯಾವುದಾದರೂ ಅಂಗಡಿಯೊಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿ.

ಗೆಳತಿಗೆ ಮೂರನೇ ದಿನ ಏನೂ ಬರಲಿಲ್ಲ. ಹದಿನೈದು ದಿನ ಬಿಟ್ಟು ಹೊಸ ನಂಬರ್‌ನಿಂದ ಒಂದು ‘ಹಾಯ್’ ಬಂತು. ಯಾರು ಅಂತ ಕೇಳದೆ ಸ್ಕ್ರೀನ್‌ಶಾಟ್ ತೆಗೆದು ಬ್ಲಾಕ್ ಮಾಡಿದಳು.