ಬೇಳೆ ಪ್ಯಾಕೆಟ್ ಹಿಂದಿದ್ದ ವಿಳಾಸಕ್ಕೆ ಬರೆದ ಮೇಲ್

ಕಲಬುರಗಿಯಲ್ಲಿ ನನ್ನದೊಂದು ಚಿಕ್ಕ ಅಕೌಂಟಿಂಗ್ ಆಫೀಸಿದೆ. ನಾನು ಜಿಎಸ್‌ಟಿ ಪ್ರಾಕ್ಟೀಷನರ್, ಜೊತೆಗೆ ಟ್ಯಾಲಿ ಎಂಟ್ರಿ ಮಾಡುವ ಇಬ್ಬರು ಹುಡುಗರಿದ್ದಾರೆ. ನಾನು ಸಿಎ ಅಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಪ್ರಾಕ್ಟೀಸ್‌ನಲ್ಲಿರುವ ಸಿಎಗಳು ಗುರುತಿಲ್ಲದವರಿಗೆ ಹೀಗೆ ಕೆಲಸ ಕೇಳಿ ಬರೆಯುವಂತಿಲ್ಲ, 1949ರ ಅವರ ಕಾಯ್ದೆಯೇ ಅದನ್ನು ತಡೆಯುತ್ತದೆ. ನೀವು ಸಿಎ ಆಗಿದ್ದರೆ ಈ ದಾರಿ ನಿಮಗಲ್ಲ.

ಶುರುವಿನಲ್ಲಿ ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು, ಅರವತ್ತು ದಾಲ್ ಮಿಲ್‌ಗಳಿಗೆ ಒಂದೇ ಮೇಲ್ ಕಳಿಸಿದ್ದು. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಪಿಎಫ್, ಇಎಸ್‌ಐ, ಎಲ್ಲ ಮಾಡುತ್ತೇವೆ ಅಂತ ಎರಡು ಪುಟ ಬರೆದು ಒಂದು ಪಿಡಿಎಫ್ ಕೂಡ ಲಗತ್ತಿಸಿದ್ದೆ. ಒಂದು ಉತ್ತರವೂ ಬರಲಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರದೇ ನಂಬರ್ ಹಾಕಿದರೂ ಅವರು ಯಾವ ತಿಂಗಳ ರಿಟರ್ನ್ ಯಾವತ್ತು ಹಾಕಿದರು ಅನ್ನುವುದು ಕಾಣುತ್ತದೆ. ಒಬ್ಬ ಮಾಲೀಕರಿಗೆ ‘ನಿಮ್ಮ ಎರಡು ತಿಂಗಳ ರಿಟರ್ನ್ ತಡವಾಗಿದೆ’ ಅಂತ ಬರೆದುಬಿಟ್ಟೆ. ಅವತ್ತೇ ಫೋನ್ ಬಂತು. ‘ನಮ್ಮ ಮನಿ ಲೆಕ್ಕ ನೋಡ್ಲಿಕ್ಕೆ ನಿಮಗ ಯಾರ್ ಹೇಳ್ಯಾರ್ರಿ?’ ಅವರು ಸಿಟ್ಟಾಗಿದ್ದು ಸರಿಯೇ. ಎಲ್ಲರಿಗೂ ಕಾಣುವ ಮಾಹಿತಿಯಾದರೂ, ಪರಿಚಯವಿಲ್ಲದವನು ಅದನ್ನು ಎತ್ತಿ ಹೇಳಿದರೆ ಅವಮಾನವೇ ಅಲ್ವಾ?

ಆಮೇಲೆ ಒಂದು ದಿನ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಒಂದು ಕೆಜಿ ತೊಗರಿ ಬೇಳೆ ಪ್ಯಾಕೆಟ್ ತಗೊಂಡೆ. ಮನೆಗೆ ಬಂದು ಹಿಂದೆ ತಿರುಗಿಸಿ ನೋಡಿದರೆ ನಮ್ಮೂರಿನದೇ ಮಿಲ್. ಗ್ರಾಹಕರ ದೂರಿಗೆ ಅಂತ ವಿಳಾಸ, ಫೋನ್, ಇಮೇಲ್ ಎಲ್ಲ ಸಣ್ಣ ಅಕ್ಷರದಲ್ಲಿತ್ತು. ಅದೇ ಮಿಲ್‌ನ ಹೆಸರು ಅಚ್ಚಾದ 50 ಕೆಜಿ ಚೀಲಗಳನ್ನು ನಾನು ನಮ್ಮೂರ ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ಎಷ್ಟೋ ಸಲ ನೋಡಿದ್ದೆ. ಎರಡನ್ನೂ ಒಟ್ಟಿಗೆ ಯೋಚಿಸಿದಾಗ ಕೇಳಬೇಕಾದ ಪ್ರಶ್ನೆ ಸಿಕ್ಕಿತು.

ವಿಷಯ ಹೀಗಿದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಇರುವ ಬೇಳೆ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ. 50 ಕೆಜಿ ಚೀಲಕ್ಕೆ ತೆರಿಗೆ ಇಲ್ಲ. ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಕ್ರೆಡಿಟ್ ಅಥವಾ ಐಟಿಸಿ ಅನ್ನುತ್ತಾರೆ. ಪ್ಯಾಕೆಟ್ ಕವರ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಪೂರ್ತಿ ಕ್ರೆಡಿಟ್ ತಗೋಬಹುದು, ಖಾಲಿ ಚೀಲದ ಮೇಲೆ ಕಟ್ಟಿದ್ದನ್ನು ತಗೊಳ್ಳುವಂತಿಲ್ಲ. ಆದರೆ ಮಷಿನ್ ಸ್ಪೇರ್ ಪಾರ್ಟು, ರಿಪೇರಿ ಬಿಲ್ಲು ಎರಡಕ್ಕೂ ಸೇರಿದ್ದು. ಅದರ ಕ್ರೆಡಿಟ್ಟನ್ನು ಮಾರಾಟದ ಪ್ರಮಾಣದಲ್ಲಿ ಹಂಚಬೇಕು, ಜಿಎಸ್‌ಟಿಯ 42ನೇ ನಿಯಮ ಹೇಳುವುದು ಇದನ್ನೇ. ತಿಳಿಯಲಿ ಅಂತ ದುಂಡು ಅಂಕಿ ಹೇಳುತ್ತೇನೆ. ತಿಂಗಳ ಮಾರಾಟ ಒಂದು ಕೋಟಿ, ಅದರಲ್ಲಿ ಚೀಲದ್ದು 80 ಲಕ್ಷ. ಎರಡಕ್ಕೂ ಸೇರಿದ ಕ್ರೆಡಿಟ್ 50,000 ರೂಪಾಯಿ. ಅದರಲ್ಲಿ ಶೇ 80, ಅಂದರೆ 40,000 ವಾಪಸ್ ಬಿಡಬೇಕು. ಇದನ್ನು ತಿಂಗಳು ತಿಂಗಳು ಮಾಡಿದರೂ ಸಾಲದು. ವರ್ಷ ಮುಗಿದ ಮೇಲೆ ಇಡೀ ವರ್ಷಕ್ಕೆ ಇನ್ನೊಮ್ಮೆ ಲೆಕ್ಕ ಹಾಕಿ ಸೆಪ್ಟೆಂಬರ್ ತಿಂಗಳ ರಿಟರ್ನ್ ಒಳಗೆ ಸರಿಮಾಡಬೇಕು.

ಹಾಗಾಗಿ ಆಗಸ್ಟ್ 22ಕ್ಕೆ ಮೇಲ್ ಕಳಿಸಿದೆ. 20ನೇ ತಾರೀಖಿನ ರಿಟರ್ನ್ ಗಡಿಬಿಡಿ ಮುಗಿದಿತ್ತು, ಹೊಸ ತೊಗರಿ ಬರಲು ಇನ್ನೂ ತಿಂಗಳುಗಳಿದ್ದವು. ಆವಕ ಜೋರಿರುವಾಗ ಬರೆದರೆ ಮಿಲ್‌ನಲ್ಲಿ ಯಾರೂ ಮೇಲ್ ತೆರೆಯುವುದಿಲ್ಲ. ಮೇಲ್ ಹೀಗಿತ್ತು:

ವಿಷಯ: ದೂರಲ್ಲ – 1 ಕೆಜಿ ಪ್ಯಾಕೆಟ್, 50 ಕೆಜಿ ಚೀಲದ ಐಟಿಸಿ ಬಗ್ಗೆ ಒಂದು ಪ್ರಶ್ನೆ

‘ನಮಸ್ಕಾರ. ನಿಮ್ಮ 1 ಕೆಜಿ ತೊಗರಿ ಬೇಳೆ ಪ್ಯಾಕೆಟ್ ತಗೊಂಡೆ, ಈ ವಿಳಾಸ ಅದರ ಮೇಲೇ ಸಿಕ್ಕಿತು. ನೀವು 50 ಕೆಜಿ ಚೀಲವನ್ನೂ ಮಾರುತ್ತೀರಿ. ಪ್ಯಾಕೆಟ್‌ಗೆ ಶೇ 5 ತೆರಿಗೆ, ಚೀಲಕ್ಕೆ ಇಲ್ಲ. ಹಾಗಾಗಿ ಸ್ಪೇರ್ ಪಾರ್ಟು, ರಿಪೇರಿ ಬಿಲ್ಲುಗಳ ಐಟಿಸಿಯನ್ನು ಹಂಚಬೇಕಾಗುತ್ತದೆ. ಹೋದ ಹಣಕಾಸು ವರ್ಷದ ಅಂತಿಮ ಹಂಚಿಕೆ ಸೆಪ್ಟೆಂಬರ್ ರಿಟರ್ನ್ ಒಳಗೆ ಆಗಬೇಕು. ನಿಮ್ಮಲ್ಲಿ ಇದು ಈಗಾಗಲೇ ಆಗಿರಬಹುದು. ಆಗಿಲ್ಲದಿದ್ದರೆ ನಾನು ಮಿಲ್‌ಗೇ ಬಂದು ಎರಡು ದಿನದಲ್ಲಿ ಒಂದು ವರ್ಷದ್ದು ಮಾಡಿಕೊಡುತ್ತೇನೆ, ಶುಲ್ಕ 6,000 ರೂಪಾಯಿ. ಆಗಿದೆಯೋ ಇಲ್ಲವೋ ಅಷ್ಟು ಉತ್ತರಿಸಿದರೆ ಸಾಕು.’

ಕೆಳಗೆ ನನ್ನ ಹೆಸರು, ಆಫೀಸಿನ ವಿಳಾಸ, ಮೊಬೈಲ್ ನಂಬರ್. ಲಗತ್ತು ಏನೂ ಇಲ್ಲ.

‘ದೂರಲ್ಲ’ ಅನ್ನುವ ಪದಕ್ಕೆ ನಾನು ಜಾಸ್ತಿ ಹೊತ್ತು ತಗೊಂಡೆ. ಆ ವಿಳಾಸಕ್ಕೆ ಬರುವುದೆಲ್ಲ ಬೇಳೆಯಲ್ಲಿ ಹುಳ, ತೂಕ ಕಡಿಮೆ ಅನ್ನುವ ಮೇಲ್‌ಗಳೇ. ನೋಡುವ ಹುಡುಗ ಹೆದರಿ ಅದನ್ನು ಬದಿಗೆ ಸರಿಸಬಾರದು, ಮುನೀಮರಿಗೆ ದಾಟಿಸಬೇಕು. ‘ಈಗಾಗಲೇ ಆಗಿರಬಹುದು’ ಅನ್ನುವುದನ್ನೂ ಸುಮ್ನೆ ಬರೆದದ್ದಲ್ಲ. ಮೇಲ್ ಓದುವವರು ಲೆಕ್ಕ ಬರೆಯುವ ಮುನೀಮರೇ ಆಗಿರಬಹುದು. ಅವರ ತಪ್ಪು ಹಿಡಿದ ಹಾಗೆ ಬರೆದರೆ ಅದು ಮಾಲೀಕರ ತನಕ ಹೋಗುವುದೇ ಇಲ್ಲ. ನಿಜ ಹೇಳಬೇಕೆಂದರೆ, ಅವರ ಪುಸ್ತಕ ನೋಡದೆ ತಪ್ಪಾಗಿದೆ ಅನ್ನಲು ನನಗೂ ಆಧಾರವಿರಲಿಲ್ಲ. ನನಗೆ ಗೊತ್ತಿದ್ದದ್ದು ಪ್ಯಾಕೆಟ್ ಮತ್ತು ಚೀಲ ಅಷ್ಟೇ, ಅಷ್ಟನ್ನೇ ಬರೆದೆ.

ಎಂಟು ದಿನ ಉತ್ತರವಿಲ್ಲ. ಅದೇ ಮೇಲ್‌ನ ಕೆಳಗೆ ಎರಡು ಸಾಲು ಸೇರಿಸಿ ಕಳಿಸಿದೆ: ‘ಮುನೀಮರಿಗೆ ತಲುಪಿದೆಯಾ ಅಂತ ಕೇಳುತ್ತಿದ್ದೇನೆ. ಇದಾದ ಮೇಲೆ ನಾನು ಬರೆಯುವುದಿಲ್ಲ.’ ಮರುದಿನ ಮಾಲೀಕರ ಮಗ ಫೋನ್ ಮಾಡಿದರು. ‘ಸರ, ನಮ್ಮ ಪ್ಯಾಕೆಟ್ ಯಾವ ಅಂಗಡ್ಯಾಗ ಸಿಕ್ತ್ರಿ?’ ಅಂತ ಮೊದಲು ಕೇಳಿದರು. ಅಂಗಡಿ ಹೆಸರು ಹೇಳಿದೆ. ಆಮೇಲೆ, ‘ಹಂಚೋದು ಅಂದ್ರ ಹ್ಯಾಂಗ್ರಿ? ನಾಳಿ ಬರ್ರಿ, ಕುಂತು ನೋಡೋಣು’ ಅಂದರು.

ಹೋಗಿ ನೋಡಿದರೆ ಸ್ಪೇರ್ ಪಾರ್ಟು, ರಿಪೇರಿ ಬಿಲ್ಲುಗಳ ಕ್ರೆಡಿಟ್ ಪೂರ್ತಿ ತಗೊಂಡಿದ್ದರು. 50 ಕೆಜಿ ಚೀಲದ ಬಿಲ್ಲಿನದ್ದೂ ಸೇರಿತ್ತು. ಆ ಕ್ರೆಡಿಟ್ ಬಳಸಿಯೂ ಆಗಿತ್ತು, ಹಾಗಾಗಿ ವಾಪಸ್ ಬಿಡುವಾಗ ಬಡ್ಡಿಯೂ ಬಿತ್ತು. ಮಾಲೀಕರ ಮುಖ ಸಣ್ಣದಾಯಿತು. ‘ನಿಮ್ಮ ದುಡ್ಡು ಉಳಿಸುತ್ತೇವೆ’ ಅಂತ ಮೇಲ್‌ನಲ್ಲಿ ಬರೆಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಅವತ್ತು ಅನಿಸಿತು. ಬರೆದಿದ್ದರೆ ಆ ಕುರ್ಚಿಯಲ್ಲಿ ಕೂರಲು ನನಗೆ ಮುಖವಿರುತ್ತಿರಲಿಲ್ಲ. ಮುನೀಮರಿಗೆ ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟೆ. ಈಗ ಪ್ರತಿ ತಿಂಗಳು ಅವರು ಎಂಟ್ರಿ ಮುಗಿಸಿ ಕಳಿಸುತ್ತಾರೆ, ರಿಟರ್ನ್‌ಗೆ ಮುಂಚೆ ನಾನು ನೋಡುತ್ತೇನೆ. ಆಡಿಟ್ ಎಂದಿನಂತೆ ಅವರ ಸಿಎ ಹತ್ತಿರವೇ ಇದೆ.

ಇದೇ ಮೇಲ್ ಇನ್ನೊಂದು ಮಿಲ್‌ಗೂ ಹೋಗಲಿ ಅಂತ ನಮ್ಮ ಹುಡುಗ ಹೆಸರು ಬದಲಿಸಿ ತಯಾರು ಮಾಡಿಟ್ಟಿದ್ದ. ‘ಅವರ ಪ್ಯಾಕೆಟ್ ಎಲ್ಲಾದ್ರೂ ನೋಡಿಯೇನೋ?’ ಅಂತ ಕೇಳಿದೆ. ನೋಡಿರಲಿಲ್ಲ. ಗಂಜ್‌ನಲ್ಲಿ ವಿಚಾರಿಸಿದರೆ ಅವರು ಮಾರುವುದು 50 ಕೆಜಿ ಚೀಲ ಮಾತ್ರ. ಅವರಲ್ಲಿ ಹಂಚುವ ಮಾತೇ ಬರುವುದಿಲ್ಲ. ಆ ಮೇಲ್ ಅಳಿಸಿಹಾಕಿಸಿದೆ.